ಮಾರಾಟ ಏರಿತು, ಪ್ರತಿಫಲ ಇಳಿಯಿತು: ಷೇರುದಾರರಿಗೆ ಬರೆಯಬೇಕಾದ ಪತ್ರ

1980ರ ಮಾರ್ಚ್‌ನಲ್ಲಿ ಅಮೆರಿಕದ ಒಮಾಹಾ ನಗರದಿಂದ ವಾರೆನ್ ಬಫೆಟ್ ತಮ್ಮ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಷೇರುದಾರರಿಗೆ ವಾರ್ಷಿಕ ಪತ್ರ ಬರೆದರು. 1979ರಲ್ಲಿ ಪ್ರತಿ ಷೇರಿನ ಗಳಿಕೆ ಸುಮಾರು ಶೇ 20ರಷ್ಟು ಏರಿತ್ತು. ಬೇರೆ ಯಾವ ಕಂಪನಿಯ ಮುಖ್ಯಸ್ಥರಾದರೂ ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತಿದ್ದ ಅಂಕಿ ಅದು. ಬಫೆಟ್ ಮಾತ್ರ ಆ ಅಂಕಿಯನ್ನು ನೆಚ್ಚಬೇಡಿ ಎಂದು ಹೇಳಿದರು. ವರ್ಷದ ಆರಂಭದಲ್ಲಿ ಕಂಪನಿಯಲ್ಲಿದ್ದ ಷೇರುದಾರರ ಬಂಡವಾಳಕ್ಕೆ ಹೋಲಿಸಿದರೆ 1978ರಲ್ಲಿ ಶೇ 19.4ರಷ್ಟು ಗಳಿಸಿದ್ದ ಕಂಪನಿ 1979ರಲ್ಲಿ ಗಳಿಸಿದ್ದು ಶೇ 18.6 ಮಾತ್ರ. ಕೈಯಲ್ಲಿ ಹಿಂದಿನ ವರ್ಷಕ್ಕಿಂತ ಎಷ್ಟೋ ಹೆಚ್ಚು ಹಣವಿತ್ತು, ಆ ಹಣವನ್ನು ದುಡಿಸುವುದರಲ್ಲಿ ನಾವು ಹಿಂದೆ ಬಿದ್ದೆವು ಎಂಬುದು ಅವರ ವಿವರಣೆಯ ತಿರುಳು.

ಮುಂದಿನ ವರ್ಷವೂ ಇದೇ ಕಥೆ. ಕಂಪನಿಯ ವ್ಯವಹಾರಗಳಿಂದ ಬಂದ ಲಾಭ 3.6 ಕೋಟಿ ಡಾಲರ್‌ನಿಂದ 4.19 ಕೋಟಿಗೆ ಏರಿತು, ಪ್ರತಿಫಲ ಶೇ 17.8ಕ್ಕೆ ಇಳಿಯಿತು. ಇಳಿದದ್ದನ್ನೂ ಅವರು ಏರಿದ್ದರ ಪಕ್ಕದಲ್ಲೇ ಬರೆದರು.

ಲಾಭ ಹೆಚ್ಚಾದದ್ದಕ್ಕೆ ಏಕೆ ಹಿಗ್ಗಬಾರದು? ಬಫೆಟ್ ಕೊಟ್ಟ ಕಾರಣ ಬ್ಯಾಂಕ್ ಖಾತೆ ಇರುವ ಯಾರಿಗೂ ಅರ್ಥವಾಗುವಂಥದ್ದು. ಒಂದು ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟು ಮರೆತುಬಿಡಿ. ಮೊದಲ ವರ್ಷ 7,000 ರೂಪಾಯಿ ಬಡ್ಡಿ ಬರುತ್ತದೆ. ಅದನ್ನು ತೆಗೆಯದೆ ಬಿಟ್ಟರೆ ಎರಡನೆಯ ವರ್ಷ 7,490, ಮೂರನೆಯ ವರ್ಷ 8,000 ರೂಪಾಯಿ ದಾಟುತ್ತದೆ. ಯಾರೂ ಬೆರಳು ಅಲ್ಲಾಡಿಸದಿದ್ದರೂ ಗಳಿಕೆ ವರ್ಷವರ್ಷವೂ ಏರುತ್ತಲೇ ಇರುತ್ತದೆ. ಲಾಭವನ್ನು ಷೇರುದಾರರಿಗೆ ಹಂಚದೆ ಒಳಗೇ ಉಳಿಸಿಕೊಳ್ಳುವ ಕಂಪನಿಯ ಸ್ಥಿತಿಯೂ ಇಷ್ಟೇ. ಹೆಚ್ಚು ಹಣ ಹಾಕಿದ ಮೇಲೆ ಹೆಚ್ಚು ಲಾಭ ಬರಲೇಬೇಕು. ಹಾಕಿದ ಪ್ರತಿ ನೂರು ರೂಪಾಯಿಗೆ ಎಷ್ಟು ಬಂತು ಎಂಬುದೇ ಆಡಳಿತ ಮಂಡಳಿಯ ಕೆಲಸಕ್ಕೆ ನಿಜವಾದ ಪರೀಕ್ಷೆ.

ಬರ್ಕ್‌ಷೈರ್‌ನಲ್ಲಿ ಲಾಭವಾದರೂ ಏರಿತ್ತು. ಮಾರಾಟ ಮಾತ್ರ ಏರಿ ಪ್ರತಿಫಲ ಕುಸಿಯುವುದು ಇನ್ನೂ ಸಾಮಾನ್ಯ. ಆಗ ಷೇರುದಾರರಿಗೆ ಬರುವ ಪತ್ರದಲ್ಲಿ ಮಾರಾಟದ ಸಾಲು ಮೇಲೆ ಇರುತ್ತದೆ, ಪ್ರತಿಫಲದ ಸಾಲು ಎಲ್ಲೋ ನೂರನೆಯ ಪುಟದ ಟಿಪ್ಪಣಿಯಲ್ಲಿ ಇರುತ್ತದೆ. ಈ ಎರಡರ ನಡುವೆ ಏನಾಗುತ್ತದೆ ಎಂಬುದನ್ನು ತಿಳಿಯಲು ಒಂದು ಕಲ್ಪಿತ ಕಂಪನಿಯನ್ನು ಹತ್ತಿರದಿಂದ ನೋಡಬಹುದು.

ಒಂದು ಬಿಸ್ಕತ್ ಕಂಪನಿ ಎಂದುಕೊಳ್ಳೋಣ. ಕಳೆದ ವರ್ಷ ಅದರ ಮಾರಾಟ 100 ಕೋಟಿ ರೂಪಾಯಿ. ಬಡ್ಡಿ ಮತ್ತು ತೆರಿಗೆ ಕಟ್ಟುವ ಮೊದಲಿನ ಲಾಭ 12 ಕೋಟಿ. ಇಷ್ಟನ್ನು ಮಾಡಲು ತೊಡಗಿಸಿದ್ದ ಬಂಡವಾಳ, ಅಂದರೆ ಷೇರುದಾರರ ಹಣ ಮತ್ತು ಸಾಲ ಎರಡೂ ಸೇರಿ, 60 ಕೋಟಿ. ಅದರಲ್ಲಿ 42 ಕೋಟಿ ಕಟ್ಟಡ ಮತ್ತು ಯಂತ್ರಗಳಲ್ಲಿತ್ತು, 10 ಕೋಟಿ ಮೈದಾ, ಸಕ್ಕರೆ, ಸಿದ್ಧ ಬಿಸ್ಕತ್ತಿನ ದಾಸ್ತಾನಿನಲ್ಲಿತ್ತು, 8 ಕೋಟಿ ಡೀಲರ್‌ಗಳಿಂದ ಬರಬೇಕಾದ ಬಾಕಿಯಲ್ಲಿತ್ತು. ಆ 60 ಕೋಟಿಗೆ 12 ಕೋಟಿ ಲಾಭ ಎಂದರೆ ಪ್ರತಿಫಲ ಶೇ 20.

ಈ ವರ್ಷ ಮಾರಾಟ 120 ಕೋಟಿ. ಶೇ 20ರ ಏರಿಕೆ, ಅಭಿನಂದನೆಗೆ ತಕ್ಕದ್ದೇ. ಲಾಭವೂ 13.2 ಕೋಟಿಗೆ ಏರಿದೆ. ಆದರೆ ಬಂಡವಾಳ 88 ಕೋಟಿ ಆಗಿದೆ. ಹಳೆಯ ಯಂತ್ರಗಳಿಗೆ ಸವಕಳಿಯಷ್ಟೇ ಖರ್ಚು ಮಾಡಿ ಅವನ್ನು 42 ಕೋಟಿಯಲ್ಲೇ ಉಳಿಸಿಕೊಂಡಿದ್ದಾರೆ. ಅದರ ಜೊತೆಗೆ 15 ಕೋಟಿ ಹೊಸದೊಂದು ಉತ್ಪಾದನಾ ಘಟಕಕ್ಕೆ ಹೋಗಿದೆ. ಗೋಡೆ ಎದ್ದಿದೆ, ಒವನ್ ಬಂದು ನಿಂತಿದೆ, ಒಂದೇ ಒಂದು ಬಿಸ್ಕತ್ತೂ ಹೊರಗೆ ಬಂದಿಲ್ಲ. ದಾಸ್ತಾನು 16 ಕೋಟಿಗೆ ಏರಿದೆ, ಡೀಲರ್‌ಗಳ ಬಾಕಿ 15 ಕೋಟಿ ಮುಟ್ಟಿದೆ. ಈಗ ಪ್ರತಿಫಲ ಶೇ 15.

ಐದು ಅಂಶ ಇಳಿಯಿತು, ಹೊಸ ಘಟಕ ಶುರುವಾದರೆ ಸರಿಹೋಗುತ್ತದೆ ಎಂದು ಹೇಳಿ ಮುಗಿಸುವುದು ಸುಲಭ. ಬಹುಪಾಲು ಪತ್ರಗಳು ಹೀಗೆಯೇ ಮುಗಿಯುತ್ತವೆ. ಲೆಕ್ಕ ಬಲ್ಲವರು ಇಲ್ಲಿ ಬೇರೊಂದು ಪ್ರಶ್ನೆ ಕೇಳುತ್ತಾರೆ: ಅದೇ ಹಳೆಯ ಯಂತ್ರಗಳಿಂದ 20 ಕೋಟಿ ಹೆಚ್ಚು ಮಾರಾಟ ಬಂದಿದ್ದರೆ ಪ್ರತಿಫಲ ಏರಬೇಕಿತ್ತಲ್ಲವೆ?

ಏರಬೇಕಿತ್ತು. ಹಿಂದಿನ ವರ್ಷದಂತೆಯೇ ನೂರು ರೂಪಾಯಿ ಮಾರಾಟಕ್ಕೆ 12 ರೂಪಾಯಿ ಲಾಭ ಉಳಿದಿದ್ದರೆ 14.4 ಕೋಟಿ ಬರುತ್ತಿತ್ತು. ದಾಸ್ತಾನು ಮತ್ತು ಬಾಕಿ ಮಾರಾಟದ ಜೊತೆಜೊತೆಗೆ ಮಾತ್ರ ಬೆಳೆದಿದ್ದರೆ ಒಂದು 12 ಕೋಟಿ, ಇನ್ನೊಂದು ಹತ್ತಿರ ಹತ್ತಿರ 10 ಕೋಟಿ ಆಗುತ್ತಿತ್ತು. ಹಳೆಯ ಯಂತ್ರಗಳೂ ಸೇರಿ ಬಂಡವಾಳ 64 ಕೋಟಿ, ಪ್ರತಿಫಲ ಶೇ 22.5. ಹಾಗಾಗಿ ಕಂಪನಿ ಕಳೆದುಕೊಂಡದ್ದು ಕಣ್ಣಿಗೆ ಕಾಣುವ ಐದು ಅಂಶ ಮಾತ್ರವಲ್ಲ, ಏಳೂವರೆ ಅಂಶ.

ಈ ಏಳೂವರೆ ಎಲ್ಲಿ ಹೋಯಿತು ಎಂದು ಒಂದೊಂದಾಗಿ ಹುಡುಕಬಹುದು. ಮೊದಲು ಬಾಕಿ ಮತ್ತು ದಾಸ್ತಾನು. ಡೀಲರ್‌ಗಳಿಗೆ ತಿಂಗಳ ಉದ್ರಿ ಕೊಡುತ್ತಿದ್ದ ಕಂಪನಿ ಈ ವರ್ಷ ಒಂದೂವರೆ ತಿಂಗಳು ಕೊಟ್ಟಿದೆ. 120 ಕೋಟಿ ಮಾರಾಟಕ್ಕೆ 15 ಕೋಟಿ ಬಾಕಿ ಎಂದರೆ ಅಷ್ಟೇ ಅರ್ಥ. ಗೋದಾಮಿನಲ್ಲೂ ಬೇಕಾದದ್ದಕ್ಕಿಂತ 4 ಕೋಟಿಯ ಸರಕು ಹೆಚ್ಚಿಗೆ ಕುಳಿತಿದೆ. ಎರಡೂ ಸೇರಿ ಸುಮಾರು 9 ಕೋಟಿ ಹೆಚ್ಚುವರಿ ಹಣ ಸಿಕ್ಕಿಹಾಕಿಕೊಂಡಿದೆ. ಇದೊಂದೇ ಪ್ರತಿಫಲವನ್ನು 22.5ರಿಂದ 19.7ಕ್ಕೆ ಇಳಿಸುತ್ತದೆ. ಎರಡನೆಯದು ಮಾರ್ಜಿನ್. ಡೀಲರ್‌ಗಳಿಗೆ ಕೊಟ್ಟ ಸ್ಕೀಮ್, ಏರಿದ ಮೈದಾ ದರ, ಏರಿಸಲಾಗದ ಪ್ಯಾಕೆಟ್ ಬೆಲೆ ಇವೆಲ್ಲ ಸೇರಿ ನೂರಕ್ಕೆ 12 ಉಳಿಯುತ್ತಿದ್ದ ಕಡೆ 11 ಉಳಿದಿದೆ. ಪ್ರತಿಫಲ 18ಕ್ಕೆ ಬಂತು. ಹೊಸ ಘಟಕದ 15 ಕೋಟಿ ಬರುವುದು ಇವೆರಡರ ನಂತರ, ಅದು 18ನ್ನು 15 ಮಾಡುತ್ತದೆ.

ಅಂದರೆ ಆಡಳಿತ ಮಂಡಳಿ ಬೊಟ್ಟು ಮಾಡಿದ ಹೊಸ ಘಟಕದ ಪಾಲು ಮೂರೇ ಅಂಶ. ಉಳಿದ ನಾಲ್ಕೂವರೆಗೂ ಆ ಘಟಕಕ್ಕೂ ಸಂಬಂಧವಿಲ್ಲ. ಘಟಕ ನಾಳೆಯೇ ಚಾಲೂ ಆದರೂ ಅದು ತಾನಾಗಿ ವಾಪಸು ಬರುವುದಿಲ್ಲ. ಇನ್ನೂ ಒಂದು ಮಾತಿದೆ. ಮಾರಾಟವನ್ನು 20 ಕೋಟಿ ಏರಿಸಿದ್ದು ಬಹುಶಃ ಆ ಹದಿನೈದು ದಿನಗಳ ಹೆಚ್ಚುವರಿ ಉದ್ರಿಯೇ. ಹಾಗಿದ್ದರೆ ಏರಿಕೆಯ ಒಂದು ಭಾಗವನ್ನು ಕಂಪನಿ ತನ್ನದೇ ಬಂಡವಾಳ ಕೊಟ್ಟು ಕೊಂಡುಕೊಂಡಂತಾಯಿತು.

ಇಡೀ ವಿಷಯವನ್ನು ಒಂದೇ ಭಾಗಾಕಾರದಲ್ಲೂ ಹಿಡಿಯಬಹುದು. ಬಂಡವಾಳ ಹೆಚ್ಚಿದ್ದು 28 ಕೋಟಿ, ಲಾಭ ಹೆಚ್ಚಿದ್ದು 1.2 ಕೋಟಿ. ಹೊಸದಾಗಿ ಹಾಕಿದ ಹಣದ ಮೇಲೆ ಶೇ 4.3ರ ಪ್ರತಿಫಲ. ಅರ್ಧಕ್ಕೆ ನಿಂತ ಘಟಕವನ್ನು ರಿಯಾಯಿತಿ ತೋರಿಸಿ ಲೆಕ್ಕದಿಂದ ಬಿಟ್ಟರೂ 13 ಕೋಟಿಗೆ 1.2 ಕೋಟಿ, ಶೇ 9ರ ಆಸುಪಾಸು. ಆ ಹಣವನ್ನು ಶೇ 10ರ ಬಡ್ಡಿಗೆ ಬ್ಯಾಂಕಿನಿಂದ ತಂದಿದ್ದರೆ ಬಡ್ಡಿ ಕಟ್ಟುವುದಕ್ಕೂ ಸಾಲದು.

ಪ್ರತಿಫಲವನ್ನು ಹೀಗೆ ಎರಡು ತುಂಡು ಮಾಡಿ ನೋಡುವ ಪದ್ಧತಿಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ 1910ರ ದಶಕದಲ್ಲಿ ಇದನ್ನು ರೂಪಿಸಿದರು, ಮುಂದೆ ಜನರಲ್ ಮೋಟರ್ಸ್‌ಗೂ ಒಯ್ದರು. ಮಾರಾಟದ ಪ್ರತಿ ರೂಪಾಯಿಯಲ್ಲಿ ಎಷ್ಟು ಲಾಭ ಉಳಿಯಿತು ಎಂಬುದು ಒಂದು ತುಂಡು. ಬಂಡವಾಳದ ಪ್ರತಿ ರೂಪಾಯಿ ವರ್ಷಕ್ಕೆ ಎಷ್ಟು ರೂಪಾಯಿ ಮಾರಾಟ ತಂದಿತು ಎಂಬುದು ಇನ್ನೊಂದು. ಎರಡನ್ನೂ ಗುಣಿಸಿದರೆ ಪ್ರತಿಫಲ. ನಮ್ಮ ಬಿಸ್ಕತ್ ಕಂಪನಿಯಲ್ಲಿ ಮೊದಲನೆಯದು ಶೇ 12ರಿಂದ 11ಕ್ಕೆ ಇಳಿದರೆ, ಎರಡನೆಯದು 1.67ರಿಂದ 1.36ಕ್ಕೆ ಇಳಿದಿದೆ. ದೊಡ್ಡ ಪೆಟ್ಟು ಬಿದ್ದಿರುವುದು ಎರಡನೆಯದಕ್ಕೆ. ಲಾಭ-ನಷ್ಟದ ಪಟ್ಟಿಯನ್ನು ಮಾತ್ರ ಓದುವವರಿಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಅದು ಇರುವುದು ಬ್ಯಾಲೆನ್ಸ್ ಶೀಟಿನಲ್ಲಿ.

ಇಷ್ಟೆಲ್ಲ ತಿಳಿದ ಮೇಲೆ ಆ ಕಂಪನಿಯ ಅಧ್ಯಕ್ಷರು ಷೇರುದಾರರಿಗೆ ಹೇಗೆ ಬರೆಯಬೇಕು? ಹೆಚ್ಚೇನೂ ಬೇಡ, ಇಷ್ಟು ಸಾಕು:

“ಮಾನ್ಯ ಷೇರುದಾರರೇ, ಈ ವರ್ಷ ನಮ್ಮ ಮಾರಾಟ ಶೇ 20ರಷ್ಟು ಏರಿದೆ. ನೀವು ಮತ್ತು ಬ್ಯಾಂಕ್ ನಮಗೆ ಒಪ್ಪಿಸಿರುವ ಹಣದ ಮೇಲಿನ ಪ್ರತಿಫಲ ಶೇ 20ರಿಂದ 15ಕ್ಕೆ ಇಳಿದಿದೆ. ಇದರಲ್ಲಿ ಮೂರು ಅಂಶ ಇನ್ನೂ ಉತ್ಪಾದನೆ ಶುರು ಮಾಡದ ಹೊಸ ಘಟಕದ್ದು. ಅದು ಬರುವ ಅಕ್ಟೋಬರ್‌ನಲ್ಲಿ ಚಾಲೂ ಆಗಬೇಕು, ಒಟ್ಟು ವೆಚ್ಚ 18 ಕೋಟಿ ಮೀರಬಾರದು. ಉಳಿದದ್ದು ನಮ್ಮ ಕೈಯಲ್ಲೇ ಇತ್ತು. ಡೀಲರ್‌ಗಳಿಗೆ ಹದಿನೈದು ದಿನ ಹೆಚ್ಚು ಉದ್ರಿ ಕೊಟ್ಟೆವು, ಸರಕನ್ನು ಅಗತ್ಯಕ್ಕಿಂತ ಹೆಚ್ಚು ತುಂಬಿಟ್ಟೆವು, ಬೆಲೆ ಏರಿಸಲು ಹಿಂಜರಿದೆವು. ಮುಂದಿನ ಮಾರ್ಚ್ ಹೊತ್ತಿಗೆ ಬಾಕಿಯನ್ನು ತಿಂಗಳ ಮಾರಾಟದ ಮಟ್ಟಕ್ಕೆ ತರುತ್ತೇವೆ. ಹೊಸ ಘಟಕ ಪೂರ್ತಿ ದುಡಿಯತೊಡಗಿದ ಎರಡನೆಯ ವರ್ಷಕ್ಕೂ ಪ್ರತಿಫಲ 20 ಮುಟ್ಟದಿದ್ದರೆ ಆ ಘಟಕ ಕಟ್ಟಿದ್ದು ತಪ್ಪು ಎಂದು ಇದೇ ಪತ್ರದಲ್ಲಿ ಬರೆಯುತ್ತೇವೆ.”

ಈ ಪತ್ರಕ್ಕೆ ಬೆಲೆ ಬರುವುದು ಅದರಲ್ಲಿರುವ ತಿಂಗಳು, ಮೊತ್ತ ಮತ್ತು ಗಡುವಿನಿಂದ. ಮುಂದಿನ ವರ್ಷ ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು. ‘ದೀರ್ಘಾವಧಿ ಬೆಳವಣಿಗೆಗಾಗಿ ಹೂಡಿಕೆ ಮಾಡುತ್ತಿದ್ದೇವೆ’ ಎಂಬ ವಾಕ್ಯವನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. ಅದು ನಿಜವಿರಬಹುದು, ಇಲ್ಲದಿರಬಹುದು. ಓದುವವರಿಗೆ ಪತ್ತೆ ಹಚ್ಚುವ ದಾರಿ ಇಲ್ಲ.

ಹೂಡಿಕೆ ಮಾಡಿದರೆ ಇವತ್ತಲ್ಲ ನಾಳೆ ಫಲ ಬಂದೇ ಬರುತ್ತದೆ ಎಂಬ ನಂಬಿಕೆ ಎಲ್ಲ ಉದ್ಯಮಗಳಲ್ಲೂ ನಿಲ್ಲುವುದಿಲ್ಲ. ಇದಕ್ಕೆ ಸಾಕ್ಷಿಯೂ ಬಫೆಟ್ ಪತ್ರಗಳಲ್ಲೇ ಇದೆ. ಬರ್ಕ್‌ಷೈರ್ ಮೂಲತಃ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನ ಜವಳಿ ಕಂಪನಿ. 1978ರಲ್ಲಿ ಆ ಜವಳಿ ವಿಭಾಗ 1.7 ಕೋಟಿ ಡಾಲರ್ ಬಂಡವಾಳದ ಮೇಲೆ 13 ಲಕ್ಷ ಡಾಲರ್ ಲಾಭ ಮಾಡಿತ್ತು. ಹಿಂದಿನ ವರ್ಷಕ್ಕಿಂತ ಬಹಳ ಸುಧಾರಣೆ, ಆದರೂ ಶೇ 8ಕ್ಕಿಂತ ಕಡಿಮೆ. ಯಂತ್ರಗಳು ಹಳೆಯವಾದ್ದರಿಂದ ಲೆಕ್ಕಪುಸ್ತಕದಲ್ಲಿ ಅವುಗಳ ಬೆಲೆ ತೀರಾ ಅಗ್ಗವಾಗಿತ್ತು. ಹಾಗಿದ್ದೂ ಪ್ರತಿಫಲ ಸಿಗದಿರಲು ಕಾರಣ ಬಾಕಿ ಮತ್ತು ದಾಸ್ತಾನಿನಲ್ಲಿ ಸಿಕ್ಕಿಕೊಂಡ ಹಣ, ಜೊತೆಗೆ ತೆಳುವಾದ ಮಾರ್ಜಿನ್. ನಮ್ಮ ಬಿಸ್ಕತ್ ಕಂಪನಿಯ ಕಾಯಿಲೆಯೇ ಅಲ್ಲೂ ಇತ್ತು, ಅಲ್ಲಿ ಬಲಿತಿತ್ತು.

ಹೊಸ ಯಂತ್ರ ತರೋಣ, ಖರ್ಚು ಇಳಿಯುತ್ತದೆ ಎಂಬ ಪ್ರಸ್ತಾವಗಳು ವರ್ಷವರ್ಷವೂ ಬರುತ್ತಿದ್ದವು. ಕಾಗದದ ಮೇಲೆ ಅವುಗಳ ಪ್ರತಿಫಲ ಕಂಪನಿಯ ಲಾಭದಾಯಕ ಕ್ಯಾಂಡಿ ಮತ್ತು ಪತ್ರಿಕೆ ವ್ಯವಹಾರಗಳ ಪ್ರಸ್ತಾವಗಳಿಗಿಂತಲೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಪ್ರತಿಸ್ಪರ್ಧಿಗಳೂ ಅದೇ ಯಂತ್ರ ಕೊಳ್ಳುತ್ತಿದ್ದರು. ಎಲ್ಲರ ಖರ್ಚೂ ಇಳಿದ ಮೇಲೆ ಬಟ್ಟೆಯ ಬೆಲೆಯೂ ಇಳಿಯಿತು, ಉಳಿತಾಯವೆಲ್ಲ ಕೊಳ್ಳುವವರ ಪಾಲಾಯಿತು. ಯಂತ್ರಕ್ಕೆ ಹಾಕಿದ ದುಡ್ಡು ಮಾತ್ರ ಕಂಪನಿಗಳ ತಲೆಯ ಮೇಲೆ ಉಳಿಯಿತು.

ಇದೇ ಹಾದಿಯಲ್ಲಿ ಕೊನೆಯವರೆಗೂ ಹೋದದ್ದು ಬರ್ಲಿಂಗ್ಟನ್ ಇಂಡಸ್ಟ್ರೀಸ್, ಅಮೆರಿಕದ ಅತಿ ದೊಡ್ಡ ಜವಳಿ ಕಂಪನಿ. ಬಫೆಟ್ ತಮ್ಮ 1985ರ ಪತ್ರದಲ್ಲಿ ಅದರ ಲೆಕ್ಕ ಬಿಡಿಸಿಟ್ಟರು. 1964ರಲ್ಲಿ ಬರ್ಲಿಂಗ್ಟನ್ ಮಾರಾಟ 120 ಕೋಟಿ ಡಾಲರ್, ಬರ್ಕ್‌ಷೈರ್‌ನದು 5 ಕೋಟಿ. ಮುಂದಿನ ಎರಡು ದಶಕಗಳಲ್ಲಿ ಬರ್ಲಿಂಗ್ಟನ್ ಯಂತ್ರ ಮತ್ತು ಕಾರ್ಖಾನೆಗಳಿಗೆ ಸುಮಾರು 300 ಕೋಟಿ ಡಾಲರ್ ಸುರಿಯಿತು. ಆಗ 60 ಡಾಲರ್ ಬೆಲೆಯಿದ್ದ ಒಂದು ಷೇರಿಗೆ 200 ಡಾಲರ್‌ಗೂ ಮೀರಿದ ಖರ್ಚು ಅದು. 1985ರಲ್ಲಿ ಅದರ ಮಾರಾಟ 280 ಕೋಟಿ ಡಾಲರ್ ಆಗಿತ್ತು. ಎರಡು ಪಟ್ಟಿಗಿಂತ ಹೆಚ್ಚು! ಅಷ್ಟರಲ್ಲಿ ಸಾಮಾನ್ಯ ಬೆಲೆಗಳು ಮೂರು ಪಟ್ಟಿಗೂ ಮಿಗಿಲಾಗಿದ್ದವು. ಅಂದರೆ ನಿಜವಾದ ಮಾರಾಟ ಕುಗ್ಗಿತ್ತು, ಮಾರಾಟದ ಮೇಲಿನ ಲಾಭವೂ ಬಂಡವಾಳದ ಮೇಲಿನ ಪ್ರತಿಫಲವೂ ಇಪ್ಪತ್ತು ವರ್ಷದ ಹಿಂದಿಗಿಂತ ಬಹಳ ಕೆಳಗಿತ್ತು. ಬೆಲೆ ಏರಿಕೆಯ ಕಾಲದಲ್ಲಿ ಮಾರಾಟದ ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಸಿಗಲಾರದು.

ಬರ್ಕ್‌ಷೈರ್ ತನ್ನ ಜವಳಿ ಕಾರ್ಖಾನೆಯನ್ನು 1985ರಲ್ಲಿ ಮುಚ್ಚಿತು. ಸುಮಾರು 1.3 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಯಂತ್ರೋಪಕರಣಗಳ ಹರಾಜಿನಲ್ಲಿ ಬಂದದ್ದು 1,63,122 ಡಾಲರ್. 1981ರಲ್ಲಿ ತಲಾ 5,000 ಡಾಲರ್ ಕೊಟ್ಟು ತಂದಿದ್ದ ಮಗ್ಗಗಳನ್ನು 50 ಡಾಲರ್‌ಗೂ ಕೇಳುವವರಿರಲಿಲ್ಲ. ಕೊನೆಗೆ ಒಂದೊಂದೂ 26 ಡಾಲರ್‌ಗೆ ಗುಜರಿಗೆ ಹೋಯಿತು. ಬ್ಯಾಲೆನ್ಸ್ ಶೀಟಿನಲ್ಲಿ ‘ಆಸ್ತಿ’ ಎಂದು ಬರೆದದ್ದೆಲ್ಲ ಆಸ್ತಿಯಾಗಿ ಉಳಿಯುವುದು ಅದು ಲಾಭ ತರುವವರೆಗೆ ಮಾತ್ರ. ಬಂಡವಾಳದ ಮೇಲಿನ ಪ್ರತಿಫಲ ಇಳಿಯುತ್ತಿರುವುದು ಅದರ ಮೊದಲ ಮುನ್ಸೂಚನೆ.

ಭಾರತದಲ್ಲಿ ಈ ವಿವರಣೆಯನ್ನು ಅಧ್ಯಕ್ಷರ ಔದಾರ್ಯಕ್ಕೆ ಪೂರ್ತಿಯಾಗಿ ಬಿಟ್ಟಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗಾಗಿ ಸೆಬಿ 2018ರಲ್ಲಿ ತಿದ್ದಿದ ನಿಯಮದ ಪ್ರಕಾರ, ಷೇರುದಾರರ ನಿವ್ವಳ ಹಣದ ಮೇಲಿನ ಪ್ರತಿಫಲ ಹಿಂದಿನ ವರ್ಷಕ್ಕಿಂತ ಬದಲಾಗಿದ್ದರೆ ವಾರ್ಷಿಕ ವರದಿಯಲ್ಲಿ ಅದಕ್ಕೆ ವಿವರವಾದ ಕಾರಣ ಕೊಡಬೇಕು. ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ 2021ರ ಮಾರ್ಚ್‌ನಲ್ಲಿ ಬಂದ ತಿದ್ದುಪಡಿ ಇನ್ನಷ್ಟು ಮುಂದೆ ಹೋಗುತ್ತದೆ. ತೊಡಗಿಸಿದ ಬಂಡವಾಳದ ಮೇಲಿನ ಪ್ರತಿಫಲ, ದಾಸ್ತಾನು ಎಷ್ಟು ಬೇಗ ಖಾಲಿಯಾಗುತ್ತದೆ, ಬಾಕಿ ಎಷ್ಟು ಬೇಗ ವಸೂಲಾಗುತ್ತದೆ ಎಂಬಂಥ ಅನುಪಾತಗಳನ್ನು ಎರಡು ವರ್ಷದವು ಅಕ್ಕಪಕ್ಕ ಕೊಡಬೇಕು. ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದೂ ಹೇಳಬೇಕು. ಇದು ಮುಖ್ಯ, ಏಕೆಂದರೆ ಕೆಲವು ಕಂಪನಿಗಳು ತಮ್ಮ ಪ್ರಚಾರದ ಪುಟಗಳಲ್ಲಿ ಅರ್ಧ ಕಟ್ಟಿದ ಘಟಕವನ್ನು ಬಂಡವಾಳದಿಂದ ಕಳೆದು ಪ್ರತಿಫಲವನ್ನು ಚೆಂದ ಕಾಣಿಸುತ್ತವೆ.

ಯಾವುದೇ ಅನುಪಾತ ಶೇ 25ಕ್ಕಿಂತ ಹೆಚ್ಚು ಬದಲಾದರೆ ಕಾರಣ ಬರೆಯುವುದು ಈ ತಿದ್ದುಪಡಿಯ ಪ್ರಕಾರ ಕಡ್ಡಾಯ. ಇಲ್ಲೊಂದು ಕಿಂಡಿ ಇದೆ. ನಮ್ಮ ಬಿಸ್ಕತ್ ಕಂಪನಿಯ ಪ್ರತಿಫಲ 20ರಿಂದ 15ಕ್ಕೆ ಇಳಿದದ್ದು ಸರಿಯಾಗಿ ಶೇ 25. ‘ಹೆಚ್ಚು’ ಎಂಬ ಗೆರೆ ದಾಟಲಿಲ್ಲ. ಅದರ ಅನುಪಾತದ ಪಕ್ಕದಲ್ಲಿ ಕಾರಣದ ಅಂಕಣ ಖಾಲಿ ಇದ್ದರೂ ಈ ನಿಯಮ ಮುರಿದಂತಾಗುವುದಿಲ್ಲ. ಪ್ರತಿ ವರ್ಷ ಶೇ 20ರಷ್ಟು ಇಳಿಯುತ್ತ ಹೋಗುವ ಪ್ರತಿಫಲ ಮೂರು ವರ್ಷಗಳಲ್ಲಿ ಅರ್ಧದಷ್ಟಾಗುತ್ತದೆ, ಆ ಅಂಕಣದಲ್ಲಿ ಒಂದು ವರ್ಷವೂ ಕಾರಣ ಬರೆಯಬೇಕಾಗಿಲ್ಲ. ಆದ್ದರಿಂದ ಒಂದು ವರ್ಷದ ಬದಲಾವಣೆಗಿಂತ ಐದು ವರ್ಷದ ಅಂಕಿಗಳನ್ನು ಸಾಲಾಗಿ ಬರೆದುಕೊಂಡು ನೋಡುವುದು ಕ್ಷೇಮ.

ಅದೇ 2021ರ ತಿದ್ದುಪಡಿ ಷೇರುದಾರರ ಕೈಗೆ ಇನ್ನೆರಡು ಪಟ್ಟಿಗಳನ್ನೂ ಕೊಟ್ಟಿದೆ. ನಿರ್ಮಾಣ ಹಂತದಲ್ಲಿರುವ ಯೋಜನೆಗಳಲ್ಲಿ ಎಷ್ಟು ಹಣ ಒಂದು ವರ್ಷದೊಳಗಿನದು, ಎಷ್ಟು ಮೂರು ವರ್ಷ ದಾಟಿದ್ದು ಎಂಬುದು ಒಂದು. ಗಡುವು ಅಥವಾ ಅಂದಾಜು ವೆಚ್ಚ ಮೀರಿದ ಯೋಜನೆ ಯಾವಾಗ ಮುಗಿಯುತ್ತದೆ ಎಂಬುದನ್ನೂ ಅಲ್ಲಿ ತೋರಿಸಬೇಕು. ಬರಬೇಕಾದ ಬಾಕಿಯಲ್ಲಿ ಎಷ್ಟು ಆರು ತಿಂಗಳೊಳಗಿನದು, ಎಷ್ಟು ವರ್ಷಗಳಷ್ಟು ಹಳೆಯದು ಎಂಬುದು ಇನ್ನೊಂದು. ‘ಹೊಸ ಘಟಕದಿಂದಾಗಿ ಪ್ರತಿಫಲ ಇಳಿದಿದೆ’ ಎಂದು ಪತ್ರ ಹೇಳಿದರೆ ಮೊದಲನೆಯ ಪಟ್ಟಿಯನ್ನು ತೆಗೆದು ನೋಡಬೇಕು. ಹಣವೆಲ್ಲ ಒಂದು ವರ್ಷದೊಳಗಿನದಾಗಿದ್ದರೆ ಆ ಮಾತನ್ನು ನಂಬಬಹುದು. ಮೂರು ವರ್ಷ ದಾಟಿದ್ದರೆ ಅದೇ ಕಾರಣವನ್ನು ಹಿಂದಿನ ಪತ್ರಗಳಲ್ಲೂ ಹೇಳಿದ್ದರೇ ಎಂದು ಹುಡುಕಬೇಕು.

ಷೇರುಪೇಟೆಗಳ ಜಾಲತಾಣಗಳಲ್ಲಿ ನೋಂದಾಯಿತ ಕಂಪನಿಗಳ ವಾರ್ಷಿಕ ವರದಿಗಳು ಉಚಿತವಾಗಿ ಸಿಗುತ್ತವೆ. ಷೇರುದಾರರಿಗೆ ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶವೂ ಇದೆ. ಹತ್ತೇ ಷೇರು ಇದ್ದರೂ ಸರಿ, ಈ ಸಲ ನಿಮ್ಮ ಕಂಪನಿಯ ವರದಿ ಬಂದಾಗ ಎರಡು ವರ್ಷದ ಬಂಡವಾಳ, ಎರಡು ವರ್ಷದ ಲಾಭ ಎಂಬ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಹೆಚ್ಚಿದ ಬಂಡವಾಳ ಎಷ್ಟು ಹೆಚ್ಚಿನ ಲಾಭ ತಂದಿತು ಎಂದು ಲೆಕ್ಕ ಹಾಕಿ. ಉತ್ತರ ಬ್ಯಾಂಕ್ ಬಡ್ಡಿಗಿಂತ ಕೆಳಗಿದ್ದರೆ, ಅದು ಯಾವ ತಿಂಗಳ ಹೊತ್ತಿಗೆ, ಯಾವ ಕಾರಣದಿಂದ ಮೇಲೇರುತ್ತದೆ ಎಂದು ಮಹಾಸಭೆಯಲ್ಲಿ ಎದ್ದು ಕೇಳಿ.